ದ್ರಾಕ್ಷಿಯ ಸಾಲುಗಳಲ್ಲಿ ಎರಡು ದಿನ

ನಮ್ಮ ದಾಳಿಂಬ ಗ್ರಾಮವು ಹಣ್ಣಿನ ಹೆಸರನ್ನು ಹೊತ್ತಿದೆ. ಮರಾಠಿಯ ಬಾಯಲ್ಲಿ ಅದು ‘ಡಾಳಿಂಬ’. ನಮ್ಮ ನುಡಿಯಲ್ಲಿ ದಾಳಿಂಬೆ. ಆದರೂ ಹಣ್ಣಿನ ತೋಟವೆಂದರೆ ಈ ಸೀಮೆಯವರ ಕಣ್ಣು ಪಶ್ಚಿಮಕ್ಕೆ, ಸೋಲಾಪುರದ ಕಡೆಗೆ ಹೊರಳುತ್ತದೆ. ಸೋಲಾಪುರದ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವೂ 2005ರಿಂದ ಅಲ್ಲಿಯೇ ಇದೆ. ಬಾರ್ಶಿ ರಸ್ತೆಯ ನಾನ್ನಜ ಎಂಬ ಊರು ದ್ರಾಕ್ಷಿಗೆ ಹೆಸರಾದದ್ದು. ಅಲ್ಲಿಯ ಬೆಳೆಗಾರ ನಾನಾಸಾಹೇಬ ಕಾಳೆಯವರು ತಮ್ಮ ತೋಟದಲ್ಲಿ ಬೇರೆಯಾಗಿ ಕಂಡ ಬಳ್ಳಿಗಳನ್ನು ಆರಿಸಿ ಬೆಳೆಸಿದ ‘ಸೋನಾಕಾ’ ಎಂಬ ಉದ್ದ ಹಸಿರು ದ್ರಾಕ್ಷಿಯೂ ‘ಶರದ ಸೀಡ್‌ಲೆಸ್’ ಎಂಬ ಕಪ್ಪು ದ್ರಾಕ್ಷಿಯೂ ಇಂದು ವಿಜಯಪುರದವರೆಗೆ ಹಬ್ಬಿವೆ. ಅದೇ ಜಿಲ್ಲೆಯ ಅಕಲೂಜದ ಬಳಿ, ಮೊಟೆವಾಡಿಯಲ್ಲಿ, ‘ಫ್ರಾಟೆಲಿ’ ಎಂಬ ವೈನ್ ಸಂಸ್ಥೆಯ ತೋಟವಿದೆ. ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ಸಹೋದರರು ಎಂದರ್ಥ. ಇಟಲಿಯ ಸೆಚ್ಚಿ, ದಿಲ್ಲಿಯ ಸೇಖ್ರಿ ಮತ್ತು ಅಕಲೂಜದ ಮೋಹಿತೆ-ಪಾಟೀಲ ಎಂಬ ಮೂರು ಮನೆತನಗಳ ಸಹೋದರರು ಕೂಡಿ ಕಟ್ಟಿದ್ದರಿಂದ ಆ ಹೆಸರು.

ಈಚಿನ ವರ್ಷಗಳಲ್ಲಿ ಇಂಥ ತೋಟಗಳಲ್ಲಿ ವಯಸ್ಕರು ಶನಿವಾರ ಹೋಗಿ ಭಾನುವಾರ ಮರಳುವ ರೂಢಿ ಬೆಳೆಯುತ್ತಿದೆ. ಬೆಳಿಗ್ಗೆ ಸಾಲುಗಳ ನಡುವೆ ಒಂದು ನಡಿಗೆ, ಮಧ್ಯಾಹ್ನ ತೋಟದಲ್ಲಿಯೇ ಊಟ, ಸಂಜೆ ಹಣ್ಣಿನದೋ ವೈನಿನದೋ ರುಚಿ ನೋಡುವುದು. ನಮ್ಮವರಿಗೆ ಇದರಲ್ಲಿ ಅರ್ಧ ಹೊಸದೇ ಅಲ್ಲ. ಎಳ್ಳ ಅಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭಜ್ಜಿ-ಅಂಬಲಿ ಉಂಡು, ಬದುವಿನ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡಿ ಬರುವುದು ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮನೆಗಳಿಗೆ ತಲೆತಲಾಂತರದಿಂದ ಬಂದದ್ದು. ಹೊಸದೆಂದರೆ ಪರರ ತೋಟಕ್ಕೆ ಹಣ ಕೊಟ್ಟು ಹೋಗುವುದು. ಹಣ ಕೊಟ್ಟ ಮೇಲೆ ಅಲ್ಲಿ ಏನನ್ನು ನೋಡಬೇಕು, ಯಾವಾಗ ಹೋಗಬೇಕು ಎಂಬುದನ್ನು ತಿಳಿದಿರುವುದು ಒಳ್ಳೆಯದು. ಇಲ್ಲದಿದ್ದರೆ ಬಳ್ಳಿಯ ಕೆಳಗೆ ನಿಂತು ಒಂದು ಭಾವಚಿತ್ರ ತೆಗೆಸಿಕೊಂಡು ಹುಳಿಹಣ್ಣಿನ ಪೆಟ್ಟಿಗೆಯೊಡನೆ ಮನೆಗೆ ಮರಳಬೇಕಾದೀತು.

ಎಲ್ಲದಕ್ಕೂ ಮೂಲವಾದ ಸಂಗತಿ ಒಂದಿದೆ. ಮಾವು, ಬಾಳೆ, ಪಪ್ಪಾಯಿಗಳು ಕಿತ್ತ ಮೇಲೂ ಹಣ್ಣಾಗುತ್ತವೆ, ಹುಲ್ಲಿನಲ್ಲಿಟ್ಟರೆ ಸಿಹಿಗೂಡುತ್ತವೆ. ದ್ರಾಕ್ಷಿ ಹಾಗಲ್ಲ. ಗೊಂಚಲನ್ನು ಬಳ್ಳಿಯಿಂದ ಕತ್ತರಿಸಿದ ಗಳಿಗೆಯಲ್ಲಿ ಎಷ್ಟು ಸಕ್ಕರೆ ಇತ್ತೋ ಅಷ್ಟೇ. ಆಮೇಲೆ ಅದು ಬಾಡೀತು, ಕೊಳೆತೀತು, ಸಿಹಿಯಾಗದು. ದಾಳಿಂಬೆಯೂ ಇದೇ ಜಾತಿಯದು. ಆದ್ದರಿಂದ ಪೇಟೆಯಲ್ಲಿ ನಾವು ಕೊಳ್ಳುವ ದ್ರಾಕ್ಷಿಯ ರುಚಿಯೆಲ್ಲವೂ ಯಾವ ದಿನ ಕತ್ತರಿ ಹಾಕಬೇಕೆಂದು ಬೆಳೆಗಾರನು ಮಾಡಿದ ತೀರ್ಮಾನದ ಫಲ. ಬೆಲೆ ಏರಿದ್ದಾಗ, ಮೋಡ ಕವಿದಾಗ, ಆಲಿಕಲ್ಲಿನ ಭಯ ಕಾಡಿದಾಗ ಆ ತೀರ್ಮಾನ ನಾಲ್ಕೆಂಟು ದಿನ ಮುಂದಕ್ಕೆ ಜಾರುತ್ತದೆ. 2014ರ ಫೆಬ್ರವರಿ-ಮಾರ್ಚಿಯಲ್ಲಿ ಮರಾಠವಾಡಾ ಮತ್ತು ಸೋಲಾಪುರದ ಮೇಲೆ ಸುರಿದ ಆಲಿಕಲ್ಲು ಕೊಯ್ಲಿಗೆ ಬಂದ ತೋಟಗಳನ್ನು ನೆಲಸಮ ಮಾಡಿತ್ತು. ಅದನ್ನು ಕಂಡವನು ಹಣ್ಣನ್ನು ಬಳ್ಳಿಯ ಮೇಲೆ ಇನ್ನೊಂದು ವಾರ ಬಿಡಲು ಹಿಂಜರಿದರೆ ಅವನನ್ನು ದೂರುವಂತಿಲ್ಲ. ನೋಡಲು ಹೋದವರು ಮಾತ್ರ ಆ ತೀರ್ಮಾನವನ್ನು ನಾಲಿಗೆಯಿಂದ ಪರೀಕ್ಷಿಸಿ ಅರಿಯಬಹುದು.

ಮೊದಲು ದಿನವನ್ನು ಗೊತ್ತುಮಾಡಿಕೊಳ್ಳುವ ಬಗೆ. ನಮ್ಮ ಬಯಲುಸೀಮೆಯಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಬಾರಿ ಚಾಟಣಿ ಮಾಡುತ್ತಾರೆ. ಏಪ್ರಿಲ್‌ನ ಚಾಟಣಿ ಬಳ್ಳಿಯ ಕಡ್ಡಿಗಳನ್ನು ಬೆಳೆಸುವುದಕ್ಕೆ; ಅಕ್ಟೋಬರದ ಆಸುಪಾಸಿನ ಚಾಟಣಿ ಹಣ್ಣಿಗೆ. ಹಣ್ಣಿನ ಚಾಟಣಿಯಾದ ದಿನದಿಂದ ಸುಮಾರು 120ರಿಂದ 135 ದಿನಗಳಲ್ಲಿ ಗೊಂಚಲು ಕೊಯ್ಲಿಗೆ ಬರುತ್ತದೆ. ಹೋಗಬೇಕೆಂದಿರುವ ತೋಟದವರಿಗೆ “ಹಣ್ಣು ಯಾವಾಗ ಬರುತ್ತದೆ?” ಎಂದು ಕೇಳಿದರೆ “ಬನ್ನಿ, ಯಾವಾಗಲೂ ಇರುತ್ತದೆ” ಎಂಬ ಉತ್ತರ ಬಂದೀತು. “ಚಾಟಣಿ ಯಾವ ತಾರೀಖಿಗೆ ಮಾಡಿದಿರಿ?” ಎಂದು ಕೇಳಬೇಕು. ಅಕ್ಟೋಬರ್ 1 ಎಂದರೆ ಲೆಕ್ಕ ಹೀಗೆ: ಜನವರಿ 1ಕ್ಕೆ 92 ದಿನ, ಫೆಬ್ರವರಿ 1ಕ್ಕೆ 123 ದಿನ, ಫೆಬ್ರವರಿ 3ಕ್ಕೆ 125 ದಿನ. ಆ ತೋಟಕ್ಕೆ ಫೆಬ್ರವರಿಯ ಮೊದಲ ಎರಡು ವಾರ ಸರಿಯಾದ ಕಾಲ. ಅಕ್ಟೋಬರದ ಕೊನೆಗೆ ಚಾಟಣಿಯಾದ ತೋಟವಾದರೆ ಮಾರ್ಚಿಗೆ ಹೋಗಬೇಕು. ಆಗ ಹತ್ತನೆಯ ತರಗತಿಯ ಪರೀಕ್ಷೆಗಳು ನಡೆದಿರುತ್ತವೆ, ಅಂಥ ಮಕ್ಕಳಿರುವ ಮನೆಯವರಿಗೆ ಅದು ಒದಗದು.

ಫೆಬ್ರವರಿಯ ಮೊದಲ ವಾರಕ್ಕೆ ಇನ್ನೊಂದು ಆಕರ್ಷಣೆಯೂ ಉಂಟು. ಹಿಂಗಾರಿ ಜೋಳದ ತಡವಾದ ಹೊಲಗಳಲ್ಲಿ ಸೀತನಿ ಇನ್ನೂ ಸಿಕ್ಕುತ್ತಿರುತ್ತದೆ. ಕಾಳು ಹಾಲು ಕಳೆದು ಗಟ್ಟಿಯಾಗುವ ಮುನ್ನ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಬಿಸಿಯಾಗಿಯೇ ತಿನ್ನಬೇಕು. ಗುಳಭೇಂಡಿ ಜಾತಿಯ ಜೋಳವಾದರೆ ತುಸು ಹೆಚ್ಚೇ ಸಿಹಿ. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ, ಗಟ್ಟಿ ಮೊಸರು. ತೋಟದವರು ಹೊರಗಿನಿಂದ ತರಿಸಿದ ಪನೀರಿನ ಪದಾರ್ಥಗಳನ್ನು ಮುಂದಿಟ್ಟರೆ ಅದನ್ನು ಮೆಲ್ಲಗೆ ಬದಿಗೆ ಸರಿಸಿ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿಯನ್ನು ಕೇಳಿ. ಅಡಿಗೆಯವರಿಗೂ ಅದೇ ಕೈಗೆ ಒಗ್ಗಿದ್ದು. ಒಂದು ಮಾತನ್ನು ಮಾತ್ರ ಗಮನಿಸಬೇಕು: ಖಾರದ ಊಟದ ಮೇಲೆ ಹಣ್ಣಿನ ರುಚಿ ನೋಡಿದರೆ ಅದರ ಸಿಹಿ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ರುಚಿ ನೋಡುವುದು ಬೆಳಿಗ್ಗೆ, ಊಟಕ್ಕೆ ಮುಂಚೆ.

ಬೆಳಗಿನ ನಡಿಗೆಗೆ ಹೊರಡುವಾಗ ಪಾದರಕ್ಷೆ ಗಟ್ಟಿಯಾಗಿರಲಿ. ಹನಿನೀರು ಬಿಟ್ಟ ಎರೆಮಣ್ಣು ಅಂಟಿದರೆ ಕಾಲು ಮಣಭಾರವಾಗುತ್ತದೆ. ಸಾಲಿನಿಂದ ಸಾಲಿಗೆ ಒಂಬತ್ತು ಹತ್ತು ಅಡಿ ಅಂತರವಿರುವುದರಿಂದ ಇಬ್ಬರು ಜೊತೆಯಾಗಿ ನಡೆಯಬಹುದು, ವಯಸ್ಸಾದವರಿಗೂ ಆಯಾಸವಿಲ್ಲ. ಹಳೆಯ ಚಪ್ಪರದ ತೋಟವಾದರೆ ಮಾತ್ರ ತಲೆ ಬಗ್ಗಿಸಬೇಕು. ಬಳ್ಳಿಯ ಬುಡವನ್ನು ಒಮ್ಮೆ ನೋಡಿ. ಮೊಣಕಾಲಿನ ಕೆಳಗೆಲ್ಲೋ ಕಾಂಡ ಉಬ್ಬಿ, ಮೇಲೊಂದು ದಪ್ಪ ಕೆಳಗೊಂದು ದಪ್ಪವಾಗಿ ಕಂಡರೆ ಅದು ಕಸಿಯ ಗಂಟು. ಕೆಳಗಿನದು ‘ಡಾಗ್‌ರಿಜ್’ ಎಂಬ ಒರಟು ಜಾತಿಯ ಬೇರು. ಉಪ್ಪುನೀರನ್ನೂ ಬರವನ್ನೂ ತಾಳಿಕೊಳ್ಳುವಂಥದು. ಮೇಲಿನದು ನಾವು ತಿನ್ನುವ ಜಾತಿ. ಕೊಳವೆಬಾವಿಯ ನೀರು ಸವುಳಾದ ಈ ಸೀಮೆಯಲ್ಲಿ ದ್ರಾಕ್ಷಿ ಉಳಿದಿರುವುದಕ್ಕೆ ಆ ಪರದೇಶಿ ಬೇರು ಒಂದು ಮುಖ್ಯ ಕಾರಣ.

ಇನ್ನು ರುಚಿ ನೋಡುವ ಕ್ರಮ. ಬಣ್ಣವನ್ನು ನಂಬಬಾರದು, ಅದರಲ್ಲಿಯೂ ಕಪ್ಪು ದ್ರಾಕ್ಷಿಯ ಬಣ್ಣವನ್ನು. ಶರದ ಜಾತಿಯ ಹಣ್ಣು ಸಿಹಿಯಾಗುವುದಕ್ಕೆ ಎಷ್ಟೋ ದಿನ ಮೊದಲೇ ಕಪ್ಪಾಗಿ ಕುಳಿತುಬಿಡುತ್ತದೆ. ಹಸಿರು ಜಾತಿಯಲ್ಲಿ ಗುರುತು ತುಸು ಸುಲಭ: ಕಾಯಿಯನ್ನು ಬಿಸಿಲಿಗೆ ಹಿಡಿದರೆ ಒಳಗೆ ಮಬ್ಬಾಗಿರುತ್ತದೆ, ಹಣ್ಣು ತಿಳಿಯಾಗಿ ಜೇನಿನ ಛಾಯೆ ತೋರುತ್ತದೆ. ಆದರೂ ಕೊನೆಯ ಮಾತು ನಾಲಿಗೆಯದೇ. ಗೊಂಚಲಿನ ಹೆಗಲಿನಿಂದ, ಎಂದರೆ ತೊಟ್ಟಿನ ಬಳಿಯಿಂದ, ಒಂದು ಹಣ್ಣನ್ನು ತಿಂದು “ಬೆಲ್ಲದಂತಿದೆ” ಎಂದು ಮೆಚ್ಚುವವರೇ ಹೆಚ್ಚು. ಹೆಗಲಿನ ಹಣ್ಣು ಮೊದಲು ಪಕ್ವವಾಗುತ್ತದೆ, ತುದಿಯದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ತುದಿಯ ಹಣ್ಣನ್ನು ಮೊದಲು ತಿನ್ನಬೇಕು. ಅದು ಸಿಹಿಯಾಗಿದ್ದರೆ ಮೇಲಿನದನ್ನು ನೋಡುವ ಅಗತ್ಯವೇ ಇಲ್ಲ.

ಬೆಳೆಗಾರನ ಬಳಿ ಪೆನ್ನಿಗಿಂತ ತುಸು ದಪ್ಪನೆಯ ಒಂದು ಉಪಕರಣವಿರುತ್ತದೆ. ಅದರ ಗಾಜಿನ ಮೇಲೆ ಎರಡು ಹನಿ ರಸ ಹಿಂಡಿ, ಮುಚ್ಚಿ, ಬೆಳಕಿನತ್ತ ಹಿಡಿದು ನೋಡಿದರೆ ಒಳಗೆ ಒಂದು ಗೆರೆ ಕಾಣುತ್ತದೆ. ಅದು ರಸದ ‘ಬ್ರಿಕ್ಸ್’. ನೂರು ಗ್ರಾಂ ರಸದಲ್ಲಿ ಕರಗಿರುವ ಸಕ್ಕರೆ ಮೊದಲಾದವು ಎಷ್ಟು ಗ್ರಾಂ ಎಂಬುದೇ ಆ ಅಂಕಿಯ ಅರ್ಥ. ತಿನ್ನುವ ದ್ರಾಕ್ಷಿಗೆ 18 ತಲುಪಿದರೆ ಕೊಯ್ಯಬಹುದೆಂದು ಬೆಳೆಗಾರರ ಲೆಕ್ಕ. ಒಂದು ಗೊಂಚಲಿನ ಹೆಗಲಿನ ಹಣ್ಣು 20, ನಡುವಿನದು 18, ತುದಿಯದು 15 ತೋರಿಸಿತೆನ್ನಿ. ಕೂಡಿಸಿದರೆ 53, ಮೂರರಿಂದ ಭಾಗಿಸಿದರೆ 17.7. ಹೆಗಲಿನ ಹಣ್ಣನ್ನಷ್ಟೇ ನೋಡಿದವನು ಈ ತೋಟ ಕೊಯ್ಲಿಗೆ ಬಂದಿದೆ ಎನ್ನುವನು. ಮೂರನ್ನೂ ನೋಡಿದವನು ಇನ್ನು ನಾಲ್ಕಾರು ದಿನ ಕಾಯುವನು. ಮೂರು ಅಂಕಿಗಳ ನಡುವಿನ ಅಂತರವೂ ಒಂದು ಸುಳಿವು ಕೊಡುತ್ತದೆ. ಒಂದು ಬಳ್ಳಿಗೆ ಹೊರಲಾರದಷ್ಟು ಗೊಂಚಲುಗಳನ್ನು ಬಿಟ್ಟಿದ್ದರೆ, ಅಥವಾ ಗೊಂಚಲಿನ ಕಾಯಿಗಳನ್ನು ಎಳೆಯದರಲ್ಲಿ ತೆಳುಮಾಡದೆ ಹಾಗೆಯೇ ಬಿಟ್ಟಿದ್ದರೆ, ತುದಿ ಬಹಳ ಹಿಂದುಳಿಯುತ್ತದೆ. ಹಿಂದಿನ ದಿನಗಳಲ್ಲಿ ಮಳೆ ಬಿದ್ದಿದ್ದರೆ ಎಲ್ಲ ಅಂಕಿಗಳೂ ಕುಸಿದಿರುತ್ತವೆ, ನೀರು ಕುಡಿದ ಹಣ್ಣು ಬಿರಿದಿರಲೂಬಹುದು. ಅಂಥ ವಾರದಲ್ಲಿ ರುಚಿ ನೋಡಿ ತೋಟವನ್ನು ಹಳಿಯುವುದು ನ್ಯಾಯವಲ್ಲ.

ಸಾಲಿನಿಂದ ನೇರವಾಗಿ ಕಿತ್ತು ಬಾಯಿಗೆ ಹಾಕಿಕೊಳ್ಳುವುದಕ್ಕೆ ಮೊದಲು ಕೇಳಲೇಬೇಕಾದ ಪ್ರಶ್ನೆ: “ಕೊನೆಯ ಸಿಂಪಡಣೆ ಯಾವಾಗ ಆಯಿತು?” ದ್ರಾಕ್ಷಿಯಷ್ಟು ಔಷಧ ಬೇಡುವ ಬೆಳೆ ಕಡಿಮೆ. ಪ್ರತಿಯೊಂದು ಔಷಧಕ್ಕೂ ಸಿಂಪಡಣೆಯಿಂದ ಕೊಯ್ಲಿನವರೆಗೆ ಇಂತಿಷ್ಟು ದಿನ ಬಿಡಬೇಕೆಂಬ ನಿಯಮವುಂಟು. ಹಣ್ಣಿನ ಮೇಲೆ ಸಮನಾಗಿ ಹರಡಿರುವ ಮಸುಕು ಬಿಳುಪು ಹಣ್ಣು ತಾನೇ ಹೊದೆದುಕೊಂಡ ಮೇಣ. ಅದು ತಾಜಾತನದ ಗುರುತು. ಅಂಚುಳ್ಳ ಚುಕ್ಕೆಗಳಾಗಿ, ಒಣಗಿದ ಹನಿಯಂತೆ ಕಾಣುವ ಬಿಳುಪು ಔಷಧದ್ದು. ಕಣ್ಣಿಗೆ ಕಾಣದ್ದೂ ಇರುತ್ತದೆ. 2010ರಲ್ಲಿ ಭಾರತದ ದ್ರಾಕ್ಷಿಯನ್ನು ಯುರೋಪಿನವರು ತಿರಸ್ಕರಿಸಿದ್ದು ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ತಡೆಯುವ ರಾಸಾಯನಿಕದ ಉಳಿಕೆ ಹಣ್ಣಿನಲ್ಲಿ ಸಿಕ್ಕಿದ್ದರಿಂದ. ಹಲವು ಬೆಳೆಗಾರರಿಗೆ ಅದು ದೊಡ್ಡ ಪೆಟ್ಟಾಯಿತು. ರಫ್ತಿಗೆ ನೋಂದಾಯಿಸಿದ ತೋಟಗಳು ಸಿಂಪಡಣೆಯ ದಿನಚರಿಯನ್ನು ಬರೆದಿಡಬೇಕು. ಆ ವಹಿಯನ್ನು ತೋರಿಸಿ ಎಂದು ಅತಿಥಿಗಳು ಸೌಜನ್ಯದಿಂದ ಕೇಳಿದರೆ ಒಳ್ಳೆಯ ಬೆಳೆಗಾರನು ಬೇಸರಿಸುವುದಿಲ್ಲ. ಬದಲಿಗೆ ಹೆಮ್ಮೆಯಿಂದ ತೋರಿಸುತ್ತಾನೆ. ದಿನಗಳು ಸಂದಿದ್ದರೂ ಹಣ್ಣನ್ನು ನೀರಿನಲ್ಲಿ ತೊಳೆದೇ ತಿನ್ನಬೇಕು.

ಅಕ್ಟೋಬರದಲ್ಲಿ, ಹಣ್ಣಿನ ಚಾಟಣಿಯಾದ ಒಂದೆರಡು ದಿನಗಳಲ್ಲಿ, ಕಣ್ಣುಗಳು ಒಮ್ಮೆಲೇ ಒಡೆಯಲೆಂದು ಕಡ್ಡಿಗಳಿಗೆ ಹೈಡ್ರೋಜನ್ ಸೈನಮೈಡ್ ಎಂಬ ದ್ರವವನ್ನು ಹಚ್ಚುತ್ತಾರೆ. ಅದು ಚರ್ಮವನ್ನು ಸುಡುವಂಥದು. ಅದಕ್ಕಿಂತ ವಿಚಿತ್ರವಾದ ಗುಣವೆಂದರೆ, ಅದು ಮೈಗೆ ಸೇರಿದವರು ಹಿಂದೆ ಮುಂದೆ ಮದ್ಯ ಸೇವಿಸಿದ್ದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಉಸಿರು ಕಟ್ಟಿ ಪ್ರಾಣಕ್ಕೇ ಸಂಚಕಾರ ಬರಬಹುದು. ಬೆಳಿಗ್ಗೆ ಸಾಲಿನಲ್ಲಿ ನಡೆದು ಸಂಜೆ ವೈನಿನ ರುಚಿ ನೋಡುವ ಪ್ರವಾಸವನ್ನು ಆ ದಿನಗಳಲ್ಲಿ ಇಟ್ಟುಕೊಳ್ಳಲೇಬಾರದು. ಹೊಸದಾಗಿ ಒದ್ದೆಯಾದ ಕಡ್ಡಿ ಕಂಡರೆ ಮುಟ್ಟಬಾರದು.

ವೈನಿನ ತೋಟಕ್ಕೆ ಹೋದವರು ಅಲ್ಲಿಯ ದ್ರಾಕ್ಷಿಯನ್ನು ತಿಂದು ನಿರಾಶರಾಗುವುದುಂಟು. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಬೀಜ ದೊಡ್ಡದು. ಕೊರತೆಯೆಂದು ಕಾಣುವ ಇದೇ ಅಲ್ಲಿ ಗುಣ. ಕೆಂಪು ವೈನಿನ ಬಣ್ಣವೂ ಒಗರೂ ಸಿಪ್ಪೆ-ಬೀಜಗಳಿಂದಲೇ ಬರುತ್ತವೆ. ಬೀಜವನ್ನು ಉಗುಳದೆ ನೋಡಿ: ಹಸಿರಾಗಿದ್ದರೆ ಇನ್ನೂ ಕಾಲವಿದೆ, ಕಂದಾಗಿ ಕಟುಮ್ಮೆಂದು ಮುರಿದರೆ ಕೊಯ್ಲು ಹತ್ತಿರ. ಸಕ್ಕರೆಯೂ ಇಲ್ಲಿ ಹೆಚ್ಚು ಬೇಕು. ಬ್ರಿಕ್ಸ್‌ನ ಅಂಕಿಯನ್ನು 0.55ರಿಂದ ಗುಣಿಸಿದರೆ ಹುಳಿತು ಮುಗಿದ ಮೇಲೆ ನೂರರಲ್ಲಿ ಎಷ್ಟು ಪಾಲು ಮದ್ಯಸಾರವಾಗುವುದೆಂದು ಅಂದಾಜು ಸಿಕ್ಕುತ್ತದೆ. 23 ಬ್ರಿಕ್ಸ್‌ನ ರಸದಿಂದ ಸುಮಾರು 12.6.

ಮದ್ಯವನ್ನು ಮುಟ್ಟದ ಮನೆತನಗಳು ನಮ್ಮಲ್ಲಿ ಬಹಳ. ಅವರು ಅಲ್ಲಿ ಸಂಕೋಚಪಡಬೇಕಾದ್ದಿಲ್ಲ, ಸಾಲುಗಳಲ್ಲಿ ನಡೆದು ಪೀಪಾಯಿಗಳನ್ನು ನೋಡಿ ಬರಬಹುದು. ರುಚಿ ನೋಡುವವರು ಒಂದು ಲೆಕ್ಕ ತಿಳಿದಿರಲಿ. ಐದು ಬಗೆಯ ವೈನ್, ಬಗೆಗೆ 50 ಮಿಲಿಲೀಟರಿನಂತೆ, ಒಟ್ಟು 250 ಆಯಿತು. ನೂರಕ್ಕೆ 13ರ ಮೇರೆಗೆ ಅದರಲ್ಲಿ 32 ಮಿಲಿಲೀಟರಿಗೂ ಮಿಕ್ಕಿ ಮದ್ಯಸಾರ. ತೂಕದಲ್ಲಿ ಸುಮಾರು 25 ಗ್ರಾಂ. ಅರವತ್ತು ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಇದು ನೂರು ಮಿಲಿಲೀಟರಿಗೆ 60 ಮಿಲಿಗ್ರಾಂ ಆಸುಪಾಸಿಗೆ ಏರುತ್ತದೆ, ಹೆಂಗಸರಲ್ಲಿ ಇನ್ನೂ ಹೆಚ್ಚು. ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಹಾಕಿದ ಗಡಿ 30. ಮೈ ಅದನ್ನು ಗಂಟೆಗೆ 15ರಷ್ಟು ಇಳಿಸುತ್ತದೆಂದು ಹಿಡಿದರೂ ಗಡಿಗೆ ಇಳಿಯಲು ಎರಡು ಗಂಟೆ, ಪೂರ್ತಿ ಇಳಿಯಲು ನಾಲ್ಕು ಗಂಟೆ ಬೇಕು. “ಬರೀ ರುಚಿ ನೋಡಿದೆ” ಎಂಬ ಮಾತಿನ ಒಳಗೆ ಇಷ್ಟು ಅಡಗಿದೆ. ಅಕಲೂಜದಿಂದ ಸೋಲಾಪುರ ಹಾದು ಉಮರ್ಗಾಕ್ಕೆ ಇನ್ನೂರು ಕಿಲೋಮೀಟರ್‌ಗಳಷ್ಟು ದಾರಿ, ಕಬ್ಬಿನ ಟ್ರಾಕ್ಟರುಗಳ ಕಾಲ ಬೇರೆ. ಮನೆಯಲ್ಲಿ ಅಜ್ಜಿಯ ಬಳಿ ಬಿಟ್ಟ ಮಕ್ಕಳು ಕಾಯುತ್ತಿರುತ್ತಾರೆ. ಆದ್ದರಿಂದ ರುಚಿ ನೋಡುವುದು ಶನಿವಾರ ಸಂಜೆ, ರಾತ್ರಿ ಅಲ್ಲಿಯೇ ತಂಗುವುದಿದ್ದರೆ ಮಾತ್ರ. ಮೇಜಿನ ಮೇಲೆ ಉಗುಳುವ ಪಾತ್ರೆ ಇಟ್ಟಿರುವುದು ಅಲಂಕಾರಕ್ಕಲ್ಲ. ಬಲ್ಲವರು ಬಾಯಲ್ಲಿ ಆಡಿಸಿ ಅದರಲ್ಲಿಯೇ ಉಗುಳುತ್ತಾರೆ.

ಭಾನುವಾರಕ್ಕೆ ದಾಳಿಂಬೆಯ ತೋಟವಿಟ್ಟುಕೊಳ್ಳಬಹುದು. ಇಬ್ಬನಿ ಆರಿದ ಮೇಲೆಯೇ ಒಳಗೆ ಹೋಗಬೇಕು. ‘ತೇಲ್ಯಾ’ ಎಂದು ಬೆಳೆಗಾರರು ಹೆಸರೆತ್ತಲೂ ಅಂಜುವ ದುಂಡಾಣು ರೋಗ ಒದ್ದೆ ಎಲೆಗಳಿಂದ, ಕತ್ತರಿಗಳಿಂದ, ಕೈ-ಬಟ್ಟೆಗಳಿಂದ ಗಿಡದಿಂದ ಗಿಡಕ್ಕೆ ದಾಟುತ್ತದೆ. ಎಲೆಯ ಮೇಲೆ ಎಣ್ಣೆ ಸಿಡಿದಂಥ ಚುಕ್ಕೆ, ಹಣ್ಣಿನ ಮೇಲೆ ಕಪ್ಪು ಕಲೆಯೊಳಗೆ ಕವಲಾಗಿ ಒಡೆದ ಸೀಳು ಅದರ ಗುರುತು. ಒಂದು ತೋಟದಲ್ಲಿ ಅದನ್ನು ಕಂಡವರು ಅದೇ ದಿನ ಇನ್ನೊಂದು ತೋಟಕ್ಕೆ ಕಾಲಿಡುವುದು ಆ ಬೆಳೆಗಾರನಿಗೆ ಮಾಡುವ ಅಪಕಾರ. ಪಕ್ವವಾದ ದಾಳಿಂಬೆ ಗುಂಡಗಿರುವುದಿಲ್ಲ. ಒಳಗಿನ ಕಾಳು ತುಂಬಿ ಪಕ್ಕಗಳು ಚಪ್ಪಟೆಯಾಗಿ ಮೂಲೆಗಳು ಮೂಡಿರುತ್ತವೆ, ಕೆಳಗಿನ ಕಿರೀಟ ಒಣಗಿ ಒಳಮುಖವಾಗಿ ಮುಚ್ಚಿರುತ್ತದೆ, ಬೆರಳಿನಿಂದ ಬಡಿದರೆ ಲೋಹದ ಸದ್ದು ಬರುತ್ತದೆ.

ದಾರಿಯಲ್ಲಿ ಒಣದ್ರಾಕ್ಷಿಯ ಶೆಡ್ಡು ಸಿಕ್ಕರೆ ಐದು ನಿಮಿಷ ಇಳಿಯಿರಿ. ಮತ್ತೆ ಅದೇ ಬ್ರಿಕ್ಸ್‌ನ ಆಟ ಅಲ್ಲಿಯೂ ಕಾಣುತ್ತದೆ. ನೂರು ಕಿಲೋ ಒಣದ್ರಾಕ್ಷಿಯಲ್ಲಿ ಸುಮಾರು 15 ಕಿಲೋ ನೀರು ಉಳಿದಿದ್ದು, ಮಿಕ್ಕ 85 ಕಿಲೋ ಹಣ್ಣಿನ ಸತ್ವ. 18 ಬ್ರಿಕ್ಸ್‌ನ ಹಣ್ಣಾದರೆ ಒಂದು ಕಿಲೋ ಒಣಗಿಸಲು ಹತ್ತಿರ ಹತ್ತಿರ 4.7 ಕಿಲೋ ಹಸಿಹಣ್ಣು ಬೇಕು, 22ರದಾದರೆ 3.9 ಸಾಕು. ಒಣಗಿಸುವವನು ಇನ್ನೆರಡು ವಾರ ಏಕೆ ಕಾಯುತ್ತಾನೆ, ಪೇಟೆಗೆ ಕಳಿಸುವವನು ಏಕೆ ಕಾಯುವುದಿಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮಕ್ಕಳಿಗೆಂದು ಕೊಂಡೊಯ್ಯುವ ಗೊಂಚಲುಗಳನ್ನು ಬೆಳಿಗ್ಗೆ ಬಿಸಿಲೇರುವ ಮುನ್ನ ಕತ್ತರಿಯಿಂದ ಬಿಡಿಸಿಕೊಳ್ಳಿ. ಎಳೆದು ಕಿತ್ತರೆ ತೊಟ್ಟಿನ ಬಳಿ ಹರಿದ ಹಣ್ಣು ಮೊದಲು ಕೊಳೆಯುತ್ತದೆ. ದಾರಿಗೆ ಹೊರಡುವ ಮುಂಚೆ ತೊಳೆಯಬೇಡಿ. ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಒಂದೇ ಪದರವಾಗಿ, ತೊಟ್ಟು ಮೇಲಾಗಿ ಇಟ್ಟು ನೆರಳಿನಲ್ಲಿ ತನ್ನಿ. ಮನೆಯಲ್ಲಿ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು, ತಿನ್ನುವಾಗಷ್ಟನ್ನೇ ತೊಳೆದರೆ ವಾರದವರೆಗೆ ಕೆಡದು. ದಾಳಿಂಬೆಗೆ ಈ ಆತುರವಿಲ್ಲ. ಅದು ವಾರಗಟ್ಟಲೆ ಇರುತ್ತದೆ.